ಅನ್‌ಲಿಸ್ಟೆಡ್ ಷೇರು ಅಂತಾರೆ, ನಿಜಕ್ಕೂ ಹೌದಾ?

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಹಾಸನದಿಂದ ಭಾವ ಫೋನ್ ಮಾಡಿದ್ರು. "ಒಂದು ಕಂಪನಿ ಷೇರು ಐಪಿಒಗೆ ಮುಂಚೇನೇ ಸಿಗ್ತಾ ಇದೆಯಂತೆ. ಮುಂದಿನ ತಿಂಗಳೇ ಲಿಸ್ಟಿಂಗ್ ಅಂತೆ. ಎಫ್‌ಡಿ ಮುರಿದು ಹಾಕೋಣ ಅಂತಿದೀನಿ. ನೀನೊಂದ್ಸಲ ನೋಡಿ ಹೇಳು" ಅಂದ್ರು.

ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಎರಡು ಪುಟದ ಪಿಡಿಎಫ್. ಒಂದು ಷೇರಿಗೆ ₹600, ಕನಿಷ್ಠ 500 ಷೇರು ಕೊಳ್ಳಬೇಕು. ಅಂದರೆ ₹3 ಲಕ್ಷ. "ಅನ್‌ಲಿಸ್ಟೆಡ್", "ಡಿಆರ್‌ಎಚ್‌ಪಿ ಸಲ್ಲಿಕೆಯಾಗಿದೆ", "ಸ್ಟಾಕ್ ಮುಗಿಯುತ್ತಿದೆ" ಅಂತೆಲ್ಲ ದಪ್ಪಕ್ಷರದಲ್ಲಿ ಬರೆದಿತ್ತು. ಇಲ್ಲದೇ ಇದ್ದದ್ದು ಒಂದೇ, ಕಂಪನಿಯ ಪೂರ್ತಿ ಹೆಸರು. ಇದ್ದದ್ದು ಬರೀ ಬ್ರ್ಯಾಂಡ್ ಹೆಸರು ಮತ್ತು ಲೋಗೊ.

ನಾವು ಷೇರು ಕೊಳ್ಳೋದು ಬ್ರ್ಯಾಂಡ್‌ನದ್ದಲ್ಲ, ನೋಂದಣಿಯಾದ ಒಂದು ಕಂಪನಿಯದ್ದು. ಅದೇ ಹೆಸರಿನ ನಾಲ್ಕು ಕಂಪನಿಗಳಿರಬಹುದು. ಒಂದು ಲಿಸ್ಟ್ ಆಗಿರುತ್ತೆ, ಇನ್ನೊಂದು ಅದರ ಅಂಗಸಂಸ್ಥೆ, ಮತ್ತೊಂದಕ್ಕೆ ಹೆಸರು ಬಿಟ್ಟರೆ ಬೇರೆ ಸಂಬಂಧವೇ ಇರಲ್ಲ. ಹಾಗಾಗಿ ಭಾವನಿಗೆ ಮೊದಲು ಹೇಳಿದ್ದು ಇಷ್ಟೇ: "ಅವರ ಹತ್ರ ಎರಡು ನಂಬರ್ ಕೇಳಿ. ಕಂಪನಿಯ ಸಿಐಎನ್, ಷೇರಿನ ಐಎಸ್‌ಐಎನ್. ಬೇರೇನೂ ಮಾತಾಡಬೇಡಿ."

ಸಿಐಎನ್ ಅಂದರೆ ಕಂಪನಿ ನೋಂದಣಿಯಾದಾಗ ಸಿಗುವ 21 ಅಕ್ಷರಗಳ ಗುರುತಿನ ಸಂಖ್ಯೆ. ನಮಗೆಲ್ಲ ಗೊತ್ತಿರುವ ಇನ್ಫೋಸಿಸ್‌ನದ್ದು ನೋಡಿ: L85110KA1981PLC013115. ಮೊದಲಿನ L ಅಂದರೆ ಲಿಸ್ಟೆಡ್, ಅನ್‌ಲಿಸ್ಟೆಡ್ ಆಗಿದ್ದರೆ ಅಲ್ಲಿ U ಇರುತ್ತೆ. ನಂತರದ ಐದು ಅಂಕಿ ಉದ್ಯಮದ ಕೋಡ್, KA ಕರ್ನಾಟಕ, 1981 ನೋಂದಣಿಯಾದ ವರ್ಷ, PLC ಅಂದರೆ ಪಬ್ಲಿಕ್ ಲಿಮಿಟೆಡ್. ಪ್ರೈವೇಟ್ ಲಿಮಿಟೆಡ್ ಆದರೆ PTC ಅಂತಿರುತ್ತೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ View Company/LLP Master Data ಅಂತ ಒಂದು ಆಯ್ಕೆ ಇದೆ. ಅಲ್ಲಿ ಹೆಸರು ಅಥವಾ ಸಿಐಎನ್ ಹಾಕಿದರೆ ಕಂಪನಿಯ ಪೂರ್ತಿ ಹೆಸರು, ಲಿಸ್ಟೆಡ್ ಹೌದೋ ಅಲ್ಲವೋ, ಕಂಪನಿ ಇನ್ನೂ ಸಕ್ರಿಯವಾಗಿದೆಯೋ ಇಲ್ಲವೋ ಎಲ್ಲ ಬರುತ್ತೆ.

ಮೊದಲ ಅಕ್ಷರ ನೋಡಿದರೆ ಕೆಲಸ ಮುಗೀತು ಅಂತ ನಾನೂ ಅಂದುಕೊಂಡಿದ್ದೆ. ಮುಗಿಯಲ್ಲ. ಲಿಸ್ಟಿಂಗ್ ಆದಮೇಲೆ ಸಿಐಎನ್ ಬದಲಾಗುತ್ತೆ ನಿಜ, ಆದರೆ ಹಳೆಯ ವಾರ್ಷಿಕ ವರದಿ, ಹಳೆಯ ಬ್ರೋಷರ್‌ಗಳಲ್ಲಿ U ಹಾಗೇ ಉಳಿದಿರುತ್ತೆ. ಮಾರುವವರು ತೋರಿಸೋದು ಅದನ್ನೇ ಇರಬಹುದು. ಇನ್ನೊಂದು ಗೊಂದಲ, ಲಿಸ್ಟ್ ಆಗಿರೋದು ಏನು ಅನ್ನೋದು. ಇದಕ್ಕೆ ಎಚ್‌ಡಿಬಿ ಫೈನಾನ್ಷಿಯಲ್ ಸರ್ವಿಸಸ್ ಒಳ್ಳೆಯ ಉದಾಹರಣೆ.

ಅದು ಎಚ್‌ಡಿಎಫ್‌ಸಿ ಬ್ಯಾಂಕ್‌ನ ಅಂಗಸಂಸ್ಥೆ. 2025ರ ಜುಲೈವರೆಗೂ ಅದರ ಸಿಐಎನ್ U65993GJ2007PLC051028 ಆಗಿತ್ತು. ಆದರೆ ಆಗಲೇ ಎಕ್ಸ್‌ಚೇಂಜ್‌ನ ವೆಬ್‌ಸೈಟಿನಲ್ಲಿ ಅದರ ಹೆಸರು ಹುಡುಕಿದರೆ ಸಿಗುತ್ತಿತ್ತು. ಯಾಕಂದರೆ ಅದರ ಡಿಬೆಂಚರ್‌ಗಳು, ಅಂದರೆ ಸಾಲಪತ್ರಗಳು, ಲಿಸ್ಟ್ ಆಗಿದ್ದವು. ಷೇರು ಮಾತ್ರ ಆಗಿರಲಿಲ್ಲ. ಖಾಸಗಿಯಾಗಿ ಹಂಚಿದ ಸಾಲಪತ್ರ ಮಾತ್ರ ಲಿಸ್ಟ್ ಮಾಡಿರುವ ಪಬ್ಲಿಕ್ ಕಂಪನಿಯನ್ನು 2021ರ ಏಪ್ರಿಲ್‌ನಿಂದ ಕಂಪನಿ ಕಾನೂನು "ಲಿಸ್ಟೆಡ್ ಕಂಪನಿ" ಅಂತ ಲೆಕ್ಕಕ್ಕೆ ತಗೊಳ್ಳಲ್ಲ. ಹಾಗಾಗಿ "ಕಂಪನಿ ಬಿಎಸ್‌ಇಯಲ್ಲಿದೆ ಸಾರ್" ಅನ್ನುವ ಮಾತು ನಿಜವೇ ಆಗಿದ್ದರೂ, ನಿಮ್ಮ ಕೈಗೆ ಬರುವ ಷೇರಿಗೂ ಅದಕ್ಕೂ ಸಂಬಂಧ ಇಲ್ಲದೇ ಇರಬಹುದು.

ಇಲ್ಲೇ ಐಎಸ್‌ಐಎನ್ ಬೇಕಾಗೋದು. ಡಿಮ್ಯಾಟ್ ಖಾತೆಗೆ ಬರುವ ಪ್ರತಿಯೊಂದು ಬಗೆಯ ಷೇರು, ಸಾಲಪತ್ರಕ್ಕೂ 12 ಅಕ್ಷರಗಳ ಒಂದು ಸಂಖ್ಯೆ ಇರುತ್ತೆ. ಭಾರತದ ಕಂಪನಿಗಳದ್ದು INE ಅಂತ ಶುರುವಾಗುತ್ತೆ. ಮುಂದಿನ ನಾಲ್ಕು ಅಕ್ಷರ ಕಂಪನಿಯ ಗುರುತು, ಆಮೇಲಿನ ಎರಡು ಅಂಕಿ ಅದು ಯಾವ ಬಗೆಯದ್ದು ಅಂತ ಹೇಳುತ್ತೆ. ಈಕ್ವಿಟಿ ಷೇರಿಗೆ 01, ಡಿಬೆಂಚರ್‌ಗೆ ಸಾಮಾನ್ಯವಾಗಿ 07. ಎಚ್‌ಡಿಬಿ ಷೇರಿನದ್ದು INE756I01012. ಅದರ ಸಾಲಪತ್ರಗಳಲ್ಲಿ INE756I ಆದಮೇಲೆ 07 ಬರುತ್ತೆ. ಎನ್‌ಎಸ್‌ಡಿಎಲ್ ವೆಬ್‌ಸೈಟಿನಲ್ಲಿ ಐಎಸ್‌ಐಎನ್ ಹುಡುಕಬಹುದು. ಅಲ್ಲಿ ಸಿಕ್ಕ 01ರ ಸಂಖ್ಯೆಯನ್ನು ತಗೊಂಡು ಬಿಎಸ್‌ಇ, ಎನ್‌ಎಸ್‌ಇ ಎರಡರಲ್ಲೂ ಹುಡುಕಿ. ದಿನದ ಬೆಲೆ ಬಂದರೆ ಷೇರು ಲಿಸ್ಟ್ ಆಗಿದೆ ಅಂತ ಅರ್ಥ. ಅದನ್ನ ನಿಮ್ಮ ಆ್ಯಪ್‌ನಲ್ಲೇ ಮಾರುಕಟ್ಟೆ ಬೆಲೆಗೆ ಕೊಳ್ಳಬಹುದು, ಮಧ್ಯವರ್ತಿ ಯಾಕೆ?

ಬೆಲೆ ಬರಲಿಲ್ಲ ಅಂದರೆ ಇನ್ನೊಂದು ಹೆಜ್ಜೆ ಇದೆ, ಬಹಳ ಜನ ಇದನ್ನ ಬಿಡ್ತಾರೆ. ಬಿಎಸ್‌ಇಯ ಪಟ್ಟಿಯಲ್ಲಿ Active ಜೊತೆಗೆ Suspended, Delisted ಅಂತಲೂ ಆಯ್ಕೆ ಮಾಡಿ ನೋಡಬಹುದು. ಹಿಂದೆ ಲಿಸ್ಟ್ ಆಗಿ ವಹಿವಾಟು ನಿಂತುಹೋದ ಕಂಪನಿಯೂ "ಈಗ ಎಕ್ಸ್‌ಚೇಂಜ್‌ನಲ್ಲಿ ಸಿಗಲ್ಲ" ಅನ್ನೋ ಅರ್ಥದಲ್ಲಿ ಅನ್‌ಲಿಸ್ಟೆಡ್ ಥರವೇ ಕಾಣುತ್ತೆ. ಆದರೆ ಐಪಿಒಗೆ ಹೊರಟ ಕಂಪನಿಗೂ, ಸಸ್ಪೆಂಡ್ ಆದ ಕಂಪನಿಗೂ ಅಜಗಜಾಂತರ.

ಸರಿ, ಭಾವನ ಕಂಪನಿಗೆ ಬರೋಣ. ಅರ್ಧ ದಿನ ಕಾಯಿಸಿ ಮಧ್ಯವರ್ತಿ ಸಿಐಎನ್ ಕಳಿಸಿದ. ಐಎಸ್‌ಐಎನ್ ಕೇಳಿದ್ದಕ್ಕೆ "ಪೇಮೆಂಟ್ ಆದಮೇಲೆ ಕೊಡ್ತೀವಿ" ಅಂದ. ಸಿಐಎನ್ ಶುರುವಾಗೋದು U ಇಂದ, ಮಧ್ಯೆ KA, ಅಲ್ಲಿವರೆಗೂ ಸರಿ. ಆಮೇಲೆ PTC. ಪ್ರೈವೇಟ್ ಲಿಮಿಟೆಡ್!

ಪ್ರೈವೇಟ್ ಕಂಪನಿಗೆ ಷೇರು ವರ್ಗಾವಣೆಯ ಮೇಲೆ ನಿರ್ಬಂಧ ಇರಲೇಬೇಕು, ಅದು ಅದರ ವ್ಯಾಖ್ಯಾನದಲ್ಲೇ ಇದೆ. ಸಾರ್ವಜನಿಕರಿಂದ ಹಣ ಎತ್ತುವ ಹಾಗೂ ಇಲ್ಲ. ಐಪಿಒ ಮಾಡಬೇಕಾದರೆ ಮೊದಲು ಪಬ್ಲಿಕ್ ಲಿಮಿಟೆಡ್ ಆಗಿ ಬದಲಾಗಬೇಕು, ಆಮೇಲೆ ಕರಡು ದಾಖಲೆ, ಆಮೇಲೆ ಅದರ ಪರಿಶೀಲನೆ. ಇನ್ನೂ PTC ಆಗಿರುವ ಕಂಪನಿ ಮುಂದಿನ ತಿಂಗಳು ಲಿಸ್ಟ್ ಆಗೋದು ಸಾಧ್ಯವೇ ಇಲ್ಲ. ಎನ್‌ಎಸ್‌ಡಿಎಲ್‌ನಲ್ಲಿ ಆ ಹೆಸರು ಹುಡುಕಿದೆ, ಏನೂ ಬರಲಿಲ್ಲ. ಸಿಡಿಎಸ್‌ಎಲ್‌ನಲ್ಲೂ ಇಲ್ಲ. ಐಎಸ್‌ಐಎನ್ ಇಲ್ಲದ ಷೇರು ಭಾವನ ಡಿಮ್ಯಾಟ್‌ಗೆ ಬರೋದಾದರೂ ಹೇಗೆ?

ಹಾಗಾದರೆ "ಡಿಆರ್‌ಎಚ್‌ಪಿ ಸಲ್ಲಿಕೆಯಾಗಿದೆ" ಅಂದದ್ದು? ಡಿಆರ್‌ಎಚ್‌ಪಿ ಅಂದರೆ ಐಪಿಒಗೆ ಮುಂಚೆ ಸಲ್ಲಿಸುವ ಕರಡು ದಾಖಲೆ. ಸೆಬಿ ವೆಬ್‌ಸೈಟಿನಲ್ಲಿ Filings ಒಳಗೆ Public Issues, ಅದರೊಳಗೆ ಕರಡು ದಾಖಲೆಗಳ ಪಟ್ಟಿ ಇದೆ. ಹುಡುಕಿದರೆ ಅದೇ ಬ್ರ್ಯಾಂಡ್ ಪದ ಇರುವ ಒಂದು ದಾಖಲೆ ನಿಜವಾಗಿಯೂ ಸಿಕ್ಕಿತು. ಒಂದು ಕ್ಷಣ ನನಗೇ ಅನುಮಾನ ಬಂತು. ಮುಖಪುಟ ತೆಗೆದು ಸಿಐಎನ್ ಹೋಲಿಸಿದೆ. ಬೇರೆ ರಾಜ್ಯ, ಬೇರೆ ವರ್ಷ, ಬೇರೆ ನೋಂದಣಿ ಸಂಖ್ಯೆ. ಹೆಸರಿನ ಮೊದಲ ಪದ ಮಾತ್ರ ಒಂದೇ.

ಸೆಬಿ ಪಟ್ಟಿಯಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಐಪಿಒ ಯೋಜನೆಯೇ ಇಲ್ಲ ಅಂತಲೂ ಹೇಳೋಕಾಗಲ್ಲ. ಸಣ್ಣ ಕಂಪನಿಗಳ, ಅಂದರೆ ಎಸ್‌ಎಂಇ ಐಪಿಒದ ಕರಡನ್ನು ಪರಿಶೀಲಿಸೋದು ಎಕ್ಸ್‌ಚೇಂಜ್, ಹಾಗಾಗಿ ಅದನ್ನು ಬಿಎಸ್‌ಇ ಎಸ್‌ಎಂಇ ಅಥವಾ ಎನ್‌ಎಸ್‌ಇ ಎಮರ್ಜ್‌ನಲ್ಲಿ ನೋಡಬೇಕು. ಇನ್ನು 2022ರ ಕೊನೆಯಿಂದ ಗೌಪ್ಯವಾಗಿ ಕರಡು ಸಲ್ಲಿಸುವ ದಾರಿಯೂ ಇದೆ. ಆಗ ದಾಖಲೆ ನಮಗೆ ಕಾಣಲ್ಲ, ಆದರೆ ಸಲ್ಲಿಸಿದ್ದೇವೆ ಅಂತ ಕಂಪನಿ ಪತ್ರಿಕೆಯಲ್ಲಿ ಪ್ರಕಟಣೆ ಕೊಡಲೇಬೇಕು. ಗೌಪ್ಯ ಅಂದರೆ ಆ ಪ್ರಕಟಣೆ ಕೇಳಿ.

ಕರಡು ನಿಜವಾಗಿದ್ದರೂ ಅದು ಯೋಜನೆ ಮಾತ್ರ. ಓಯೊ 2021ರಲ್ಲಿ ಕರಡು ಸಲ್ಲಿಸಿತು, 2023ರಲ್ಲಿ ಗೌಪ್ಯವಾಗಿ ಮತ್ತೆ ಸಲ್ಲಿಸಿತು, 2024ರಲ್ಲಿ ವಾಪಸ್ ತಗೊಂಡಿತು. ಆ ಮೂರು ವರ್ಷ ಷೇರು ಹಿಡಿದುಕೊಂಡವರಿಗೆ "ಈ ವರ್ಷ ಆಗುತ್ತೆ" ಅನ್ನೋ ಮಾತೇ ಗತಿ. ಸೆಬಿ ತನ್ನ ಅಭಿಪ್ರಾಯ ಕೊಟ್ಟ ಮೇಲೂ ಕಂಪನಿ ಮಾಮೂಲಿ ದಾರಿಯಲ್ಲಿ 12 ತಿಂಗಳೊಳಗೆ ಐಪಿಒ ತೆರೆಯಬೇಕು, ಇಲ್ಲವಾದರೆ ಮತ್ತೆ ಮೊದಲಿಂದ.

ಬೆಲೆಯ ಸಂಗತಿ ಬೇರೆಯೇ ಇದೆ. ಡಿಆರ್‌ಎಚ್‌ಪಿ ತೆರೆದು ನೋಡಿ, ಬೆಲೆ ಇರಬೇಕಾದ ಕಡೆಯೆಲ್ಲ ಚೌಕ ಆವರಣದಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತೆ, [●] ಹೀಗೆ. ಬೆಲೆ ಗೊತ್ತಾಗೋದು ಐಪಿಒ ತೆರೆಯುವ ಕೆಲವೇ ದಿನ ಮುಂಚೆ. ಎಚ್‌ಡಿಬಿ 2024ರ ಅಕ್ಟೋಬರ್ ಕೊನೆಗೆ ಕರಡು ಸಲ್ಲಿಸಿತು. ಅನ್‌ಲಿಸ್ಟೆಡ್ ಮಾರುಕಟ್ಟೆಯಲ್ಲಿ ಷೇರು ₹1,200ರ ಆಸುಪಾಸಿನಲ್ಲಿ ಕೈ ಬದಲಾಗುತ್ತಿತ್ತು. 2025ರ ಜೂನ್‌ನಲ್ಲಿ ಕಂಪನಿ ಪ್ರಕಟಿಸಿದ ಬೆಲೆ ₹700ರಿಂದ ₹740. ಜುಲೈ 2ರಂದು ₹835ಕ್ಕೆ ಲಿಸ್ಟ್ ಆಯಿತು. ಪೇಪರ್‌ಗಳಲ್ಲಿ "ಲಾಭದ ಲಿಸ್ಟಿಂಗ್" ಅಂತ ಬಂತು, ಐಪಿಒದಲ್ಲಿ ಕೊಂಡವರಿಗೆ ಅದು ನಿಜ ಕೂಡ. ₹1,200 ಕೊಟ್ಟು 100 ಷೇರು ಕೊಂಡವರಿಗೆ ಮಾತ್ರ ಅವತ್ತು ₹36,500 ಕಡಿಮೆ. ಜೊತೆಗೆ, ಐಪಿಒಗೆ ಮುಂಚೆ ಕೊಂಡ ಷೇರಿಗೆ ಹಂಚಿಕೆಯ ದಿನದಿಂದ ಆರು ತಿಂಗಳು ಲಾಕ್-ಇನ್ ಇರುತ್ತೆ. ಮಾರಬೇಕು ಅಂದರೂ ಆಗಲ್ಲ.

ಅನ್‌ಲಿಸ್ಟೆಡ್ ಷೇರು ಕೊಳ್ಳೋದೇ ತಪ್ಪು ಅಂತ ನಾನು ಹೇಳಲ್ಲ. ನನ್ನ ಟೀಮ್‌ನಲ್ಲೇ ಲೆಕ್ಕಪತ್ರ ಓದಿ, ವರ್ಷಗಟ್ಟಲೆ ಕಾಯೋಕೆ ತಯಾರಾಗಿ ಕೊಂಡವರಿದ್ದಾರೆ. ಆದರೆ ಇಂಥ ಷೇರು ಮಾರುವ ಆನ್‌ಲೈನ್ ವೇದಿಕೆಗಳು ಮಾನ್ಯತೆ ಪಡೆದ ಎಕ್ಸ್‌ಚೇಂಜ್‌ಗಳಲ್ಲ ಅಂತ ಸೆಬಿ 2024ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ. ದುಡ್ಡು ಕೊಟ್ಟಮೇಲೆ ಷೇರು ಬರದಿದ್ದರೆ ಎಕ್ಸ್‌ಚೇಂಜ್‌ಗೆ ದೂರು ಕೊಡುವ ದಾರಿ ಇರಲ್ಲ.

ಸಂಜೆ ಭಾವನಿಗೆ ಎರಡೂ ಸಿಐಎನ್ ಒಂದರ ಕೆಳಗೊಂದು ಬರೆದು ಕಳಿಸಿದೆ. ಅವರು ಅದನ್ನ ಹಾಗೇ ಮಧ್ಯವರ್ತಿಗೆ ಕಳಿಸಿ, "ಇದರಲ್ಲಿ ನಿಮ್ಮದು ಯಾವುದು?" ಅಂತ ಕೇಳಿದ್ರಂತೆ. ಎರಡು ನೀಲಿ ಟಿಕ್ ಬಂತು. ಉತ್ತರ ಇನ್ನೂ ಬಂದಿಲ್ಲ. ಎಫ್‌ಡಿ ಬ್ಯಾಂಕಿನಲ್ಲೇ ಇದೆ.