ಮುಳ್ಳಿನ ಮೀಟರಿನ ಗೆರೆಗಳೇಕೆ ಸಮವಾಗಿವೆ?

ಕಾಲೇಜಿನ ಲ್ಯಾಬಿನಲ್ಲಿರುವ ಮುಳ್ಳಿನ ಅಮ್ಮೀಟರನ್ನು ನೋಡಿ. ಸೊನ್ನೆಯಿಂದ ಕೊನೆಯವರೆಗೂ ಗೆರೆಗಳು ಒಂದೇ ಅಂತರದಲ್ಲಿರುತ್ತವೆ. ಹಳೆಯ ಸ್ವಿಚ್‌ಬೋರ್ಡುಗಳ ಕೆಲವು ಮೀಟರ್‌ಗಳಲ್ಲಿ ಹೀಗಿಲ್ಲ. ಅಲ್ಲಿ ಸೊನ್ನೆಯ ಹತ್ತಿರ ಗೆರೆಗಳು ಒತ್ತೊತ್ತಾಗಿದ್ದು, ಮುಂದೆ ಹೋದಂತೆ ದೂರ ಸರಿಯುತ್ತವೆ. ಗೆರೆ ಸಮವಾಗಿರುವ ಮೀಟರಿನ ಮುಖದ ಮೂಲೆಯಲ್ಲಿ ಸಾಮಾನ್ಯವಾಗಿ ಲಾಳದಾಕಾರದ ಒಂದು ಚಿಹ್ನೆ, ಅದರ ಬಾಯಿಯೊಳಗೆ ಪುಟ್ಟ ಆಯತ ಇರುತ್ತದೆ. ಒಳಗೆ ಲಾಳದ ಅಯಸ್ಕಾಂತವಿದೆ, ಅದರ ಧ್ರುವಗಳ ನಡುವೆ ತಿರುಗುವ ಸುರುಳಿಯಿದೆ ಎಂದು ಅದರ ಅರ್ಥ.

ಅಯಸ್ಕಾಂತದ ಪಕ್ಕದಲ್ಲಿ ವಿದ್ಯುತ್ ಹರಿಯುವ ತಂತಿಯನ್ನಿಟ್ಟರೆ ತಂತಿಯ ಮೇಲೆ ಬಲ ಬೀಳುತ್ತದೆ. ಈ ಬಲ ವಿದ್ಯುತ್ತಿನ ದಿಕ್ಕಿಗೂ ಅಡ್ಡ, ಕಾಂತಕ್ಷೇತ್ರದ ದಿಕ್ಕಿಗೂ ಅಡ್ಡ. ಅದೇ ತಂತಿಯನ್ನು ಆಯತಾಕಾರದ ಸುರುಳಿಯಾಗಿ ಸುತ್ತಿ ಧ್ರುವಗಳ ನಡುವೆ ನಿಲ್ಲಿಸೋಣ. ಎಡಬದಿಯ ತಂತಿಯಲ್ಲಿ ವಿದ್ಯುತ್ ಮೇಲಕ್ಕೆ ಹೋದರೆ ಬಲಬದಿಯಲ್ಲಿ ಕೆಳಕ್ಕೆ ಬರುತ್ತದೆ. ಹಾಗಾಗಿ ಒಂದು ಬದಿ ನಮ್ಮ ಕಡೆಗೂ ಇನ್ನೊಂದು ಬದಿ ಆಚೆಗೂ ತಳ್ಳಿಸಿಕೊಳ್ಳುತ್ತದೆ. ಎರಡೂ ಬಲಗಳು ಸಮವಾದ್ದರಿಂದ ಸುರುಳಿ ಇದ್ದಲ್ಲಿಂದ ಕದಲುವುದಿಲ್ಲ. ಆದರೆ ಅದು ತಿರುಗದೆ ಇರಲಾರದು. ಹೀಗೆ ತಿರುಗಿಸುವ ಪ್ರಭಾವಕ್ಕೆ ಟಾರ್ಕ್ ಎನ್ನುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಸುರುಳಿಯ ಎತ್ತರ 2 ಸೆಂ.ಮೀ., ಅಗಲ 1.5 ಸೆಂ.ಮೀ., ಸುತ್ತುಗಳು 100, ಕಾಂತಕ್ಷೇತ್ರ 0.2 ಟೆಸ್ಲಾ, ಹರಿಯುವ ವಿದ್ಯುತ್ 1 ಮಿಲಿಆಂಪಿಯರ್ ಎಂದಿರಲಿ. ವಿದ್ಯುತ್, ಸುತ್ತು, ಸುರುಳಿಯ ವಿಸ್ತೀರ್ಣ ಈ ಮೂರನ್ನು ಗುಣಿಸಿದರೆ ಬರುವುದೇ ಸುರುಳಿಯ ಮ್ಯಾಗ್ನೆಟಿಕ್ ಮೊಮೆಂಟ್. ಇಲ್ಲಿ ಅದು 0.00003 ಆಂಪಿಯರ್-ಚದರ ಮೀಟರ್. ಸುರುಳಿ ಒಂದು ಪುಟ್ಟ ಅಯಸ್ಕಾಂತವಾಗಿ ಎಷ್ಟು ಬಲವಾಗಿ ವರ್ತಿಸುತ್ತದೆ ಎಂಬುದರ ಅಳತೆ ಅದು. ಅದರ ದಿಕ್ಕು ಸುರುಳಿಯ ಸಮತಲಕ್ಕೆ ಲಂಬವಾಗಿರುತ್ತದೆ. ಆಕಾರ ಆಯತವೋ ವೃತ್ತವೋ ಎಂಬುದು ಮುಖ್ಯವಲ್ಲ, ವಿಸ್ತೀರ್ಣವಷ್ಟೇ ಲೆಕ್ಕಕ್ಕೆ ಬರುತ್ತದೆ. ಈ ಮೊಮೆಂಟನ್ನು ಕಾಂತಕ್ಷೇತ್ರದಿಂದ ಗುಣಿಸಿದರೆ ಅತಿ ಹೆಚ್ಚಿನ ಟಾರ್ಕ್ ಸಿಗುತ್ತದೆ: 0.000006 ನ್ಯೂಟನ್-ಮೀಟರ್. ಒಂದು ಸೆಂ.ಮೀ. ಉದ್ದದ ಕಡ್ಡಿಯನ್ನು ಅಡ್ಡ ಹಿಡಿದು ಅದರ ತುದಿಗೆ ಮೂರು ಅಕ್ಕಿಕಾಳು ತೂಗುಬಿಟ್ಟರೆ ಬುಡದಲ್ಲಿ ಹುಟ್ಟುವ ತಿರುಚು ಹೆಚ್ಚುಕಡಿಮೆ ಇಷ್ಟೇ. ಮೀಟರಿನ ಒಳಗಿನ ಕೆಲಸವೆಲ್ಲ ಇಷ್ಟು ನವುರಾದದ್ದು.

ಬರೀ ಟಾರ್ಕ್ ಇದ್ದರೆ ಅಳತೆ ಸಿಗುವುದಿಲ್ಲ. ಎಷ್ಟೇ ಕಡಿಮೆ ವಿದ್ಯುತ್ ಬಿಟ್ಟರೂ ಸುರುಳಿ ತಿರುಗುತ್ತ ಹೋಗಿ, ತನ್ನ ಮೊಮೆಂಟ್ ಕಾಂತಕ್ಷೇತ್ರದ ದಿಕ್ಕಿಗೆ ಸರಿಹೊಂದಿದ ಮೇಲೆಯೇ ನಿಲ್ಲುತ್ತದೆ. ಅದನ್ನು ಹಿಂದಕ್ಕೆ ಎಳೆಯಲು ಗಡಿಯಾರದ ಕೂದಲೆಳೆ ಸ್ಪ್ರಿಂಗಿನಂಥ ಎರಡು ಸ್ಪ್ರಿಂಗುಗಳಿರುತ್ತವೆ. ಸುರುಳಿಗೆ ವಿದ್ಯುತ್ ಹೋಗುವುದೂ ಬರುವುದೂ ಇವುಗಳ ಮೂಲಕವೇ. ಸುರುಳಿ ಎರಡರಷ್ಟು ತಿರುಗಿದರೆ ಸ್ಪ್ರಿಂಗ್ ಎರಡರಷ್ಟು ಎಳೆಯುತ್ತದೆ. ವಿದ್ಯುತ್ತಿನ ಟಾರ್ಕೂ ಸ್ಪ್ರಿಂಗಿನ ಎಳೆತವೂ ಸಮವಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ.

ಆದರೂ ಗೆರೆಗಳು ಸಮವಾಗುವುದಿಲ್ಲ. ನೇರವಾದ ಕಾಂತಕ್ಷೇತ್ರದಲ್ಲಿ ಸುರುಳಿಯ ಸಮತಲ ಕ್ಷೇತ್ರಕ್ಕೆ ಸಮಾಂತರವಾಗಿರುವಾಗ ಟಾರ್ಕ್ ಪೂರ್ತಿ ಸಿಗುತ್ತದೆ, ಅಲ್ಲಿಂದ 60 ಡಿಗ್ರಿ ತಿರುಗುವಷ್ಟರಲ್ಲಿ ಅರ್ಧಕ್ಕೆ ಇಳಿಯುತ್ತದೆ, 90 ಡಿಗ್ರಿಯಲ್ಲಿ ಇಲ್ಲವೇ ಇಲ್ಲ. ಆಗ ಮುಳ್ಳು ಮುಂದೆ ಹೋದಷ್ಟೂ ಗೆರೆಗಳನ್ನು ಒತ್ತಾಗಿ ಬರೆಯಬೇಕಾಗುತ್ತದೆ. ಇದಕ್ಕೆ ಕಂಡುಕೊಂಡ ಉಪಾಯವೇ ಈ ಮೀಟರಿನ ಜೀವಾಳ ಎಂದು ನನಗನ್ನಿಸುತ್ತದೆ. ಅಯಸ್ಕಾಂತದ ಧ್ರುವಗಳ ಒಳಮೈಯನ್ನು ದುಂಡಾಗಿ ಕೊರೆದು, ಸುರುಳಿಯ ನಡುವೆ ಮೆದು ಕಬ್ಬಿಣದ ಉರುಳೆಯೊಂದನ್ನು ಅಲುಗಾಡದಂತೆ ನಿಲ್ಲಿಸುತ್ತಾರೆ. ಧ್ರುವಕ್ಕೂ ಉರುಳೆಗೂ ನಡುವಿನ ಕಿರಿದಾದ ಸಂದಿನಲ್ಲಿ ಸುರುಳಿಯ ಬದಿಗಳು ಓಡಾಡುತ್ತವೆ. ಆ ಸಂದಿನಲ್ಲಿ ಕಾಂತಕ್ಷೇತ್ರ ಎಲ್ಲೆಲ್ಲೂ ಉರುಳೆಯ ಕೇಂದ್ರದ ಕಡೆಗೇ ಮುಖ ಮಾಡಿರುತ್ತದೆ. ಸುರುಳಿ ಎತ್ತ ತಿರುಗಿದರೂ ಕ್ಷೇತ್ರ ಅದರ ಸಮತಲದ ಉದ್ದಕ್ಕೇ ಬೀಳುವುದರಿಂದ ಟಾರ್ಕ್ ಎಂದೂ ಕುಗ್ಗುವುದಿಲ್ಲ. ವಿದ್ಯುತ್ ಎರಡರಷ್ಟಾದರೆ ಕೋನವೂ ಎರಡರಷ್ಟಾಗುತ್ತದೆ. ಗೆರೆಗಳು ಸಮವಾಗುವುದು ಹೀಗೆ.

ಫ್ರಾನ್ಸಿನ ದೆಪ್ರೆ ಮತ್ತು ದಾರ್ಸೊನ್ವಾಲ್ 1882ರಲ್ಲಿ ಇಂಥ ಗ್ಯಾಲ್ವನೋಮೀಟರನ್ನು ರೂಪಿಸಿದರು. ಅದನ್ನು ಕೈಯಲ್ಲಿ ಹಿಡಿದು ಒಯ್ಯುವಂಥ, ನೇರವಾಗಿ ಅಂಕಿ ಓದುವಂಥ ಮೀಟರಾಗಿಸಿದವರು ಎಡ್ವರ್ಡ್ ವೆಸ್ಟನ್.

ನಮ್ಮ ಸುರುಳಿ 1 ಮಿಲಿಆಂಪಿಯರಿಗೇ ಮುಳ್ಳನ್ನು ಕೊನೆಯ ಗೆರೆಗೆ ಒಯ್ಯುತ್ತದೆ, ಅದರ ರೋಧ 100 ಓಮ್ ಎಂದುಕೊಳ್ಳಿ. ಇದರಿಂದ 1 ಆಂಪಿಯರ್ ಅಳೆಯಬೇಕಾದರೆ ಸಾವಿರ ಪಾಲಿನಲ್ಲಿ 999 ಪಾಲು ವಿದ್ಯುತ್ತನ್ನು ಬೇರೆ ದಾರಿಯಲ್ಲಿ ಕಳಿಸಬೇಕು. ಅದಕ್ಕಾಗಿ ಸುರುಳಿಗೆ ಸಮಾಂತರವಾಗಿ ಸುಮಾರು 0.1 ಓಮಿನ ಪಟ್ಟಿಯನ್ನು ಜೋಡಿಸುತ್ತಾರೆ. ಇದೇ ಶಂಟ್. 10 ವೋಲ್ಟ್ ಅಳೆಯುವ ವೋಲ್ಟ್‌ಮೀಟರ್ ಬೇಕೆಂದರೆ ಸುರುಳಿಯ ಜೊತೆ ಸಾಲಾಗಿ 9,900 ಓಮಿನ ರೋಧಕ ಸೇರಿಸಿದರಾಯಿತು.

ಶಂಟ್ ಹಾಕಿದ ಮೇಲೆ ಬಿಸಿಲು ಒಂದು ತೊಡಕು ತರುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.4 ಶೇಕಡಾ ಏರುತ್ತದೆ. 25 ಡಿಗ್ರಿಯಲ್ಲಿ 100 ಓಮ್ ಇದ್ದ ತಾಮ್ರದ ಸುರುಳಿ 35 ಡಿಗ್ರಿಯಲ್ಲಿ 104 ಓಮ್ ಆಗುತ್ತದೆ. ಶಂಟನ್ನು ಬಿಸಿಗೆ ಹೆಚ್ಚು ಬದಲಾಗದ ಮ್ಯಾಂಗನಿನ್ ಮಿಶ್ರಲೋಹದಿಂದ ಮಾಡಿರುವುದರಿಂದ ಅದರ ರೋಧ ಹಾಗೇ ಇರುತ್ತದೆ. ಆಗ ಸುರುಳಿಯ ಪಾಲಿನ ವಿದ್ಯುತ್ ಇಳಿದು, ಮೀಟರ್ ಸುಮಾರು 4 ಶೇಕಡಾ ಕಡಿಮೆ ತೋರಿಸುತ್ತದೆ. ಪರಿಹಾರ ಸರಳವಾಗಿದೆ. ಸುರುಳಿಯಲ್ಲಿ ತಾಮ್ರದ ರೋಧ 20 ಓಮ್ ಮಾತ್ರ ಇಟ್ಟು, ಉಳಿದ 80 ಓಮನ್ನು ಮ್ಯಾಂಗನಿನ್ ತಂತಿಯಾಗಿ ಸಾಲಿನಲ್ಲಿ ಸೇರಿಸಿದರೆ ತಪ್ಪು 1 ಶೇಕಡಾಕ್ಕಿಂತ ಕೆಳಗಿಳಿಯುತ್ತದೆ. ಮ್ಯಾಂಗನಿನ್ ಕೂಡ ವೆಸ್ಟನ್ ಅವರದೇ ಕೊಡುಗೆ. ಮೀಟರ್ ಮಾಡಿದವರೇ ಲೋಹವನ್ನೂ ಹುಡುಕಬೇಕಾಯಿತು!

ಮನೆಯ ಕರೆಂಟಿಗೆ ಇದನ್ನು ನೇರವಾಗಿ ಜೋಡಿಸಿ ಪ್ರಯೋಜನವಿಲ್ಲ. ಸೆಕೆಂಡಿಗೆ 50 ಆವರ್ತನ ಮಾಡುವ ಎಸಿಯಲ್ಲಿ ಟಾರ್ಕ್ ಅತ್ತಿತ್ತ ಬದಲಾಗುತ್ತಲೇ ಇರುತ್ತದೆ. ಅಷ್ಟು ವೇಗಕ್ಕೆ ಸುರುಳಿ ಓಡಲಾರದೆ ಮುಳ್ಳು ಸೊನ್ನೆಯಲ್ಲೇ ಸಣ್ಣಗೆ ನಡುಗುತ್ತದೆ. ಮುಳ್ಳು ಸೊನ್ನೆ ತೋರಿಸುತ್ತಿದೆಯೆಂದು ತಂತಿ ಮುಟ್ಟಬೇಡಿ, ವಿದ್ಯುತ್ ಇದ್ದೇ ಇರುತ್ತದೆ. ಎಸಿ ಅಳೆಯುವ ಮುಳ್ಳಿನ ಮಲ್ಟಿಮೀಟರುಗಳಲ್ಲಿ ಡಯೋಡ್ ಇಟ್ಟು, ವಿದ್ಯುತ್ತನ್ನು ಒಂದೇ ದಿಕ್ಕಿಗೆ ತಿರುಗಿಸಿ ಸುರುಳಿಗೆ ಬಿಡುತ್ತಾರೆ.

ಹಳೆಯ ಮೀಟರಿನ ಮುಳ್ಳು ಒಂದೇ ಜಾಗದಲ್ಲಿ ಸಿಕ್ಕಿಕೊಂಡು, ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಮುಂದೆ ಜಿಗಿದರೆ ಸಂದಿಗೆ ಕಬ್ಬಿಣದ ಪುಡಿ ಸೇರಿರಬಹುದು, ಇಲ್ಲವೇ ಅಚ್ಚಿನ ತುದಿ ಸವೆದಿರಬಹುದು. ಅಂಥ ಮೀಟರಿನ ಓದನ್ನು ನಂಬಬಾರದು. ಸೂಕ್ಷ್ಮ ಗ್ಯಾಲ್ವನೋಮೀಟರನ್ನು ಬೇರೆಡೆಗೆ ಒಯ್ಯುವಾಗ ಅದರ ಎರಡೂ ಟರ್ಮಿನಲ್‌ಗಳನ್ನು ಒಂದು ತಂತಿಯಿಂದ ಸೇರಿಸಿ ಕಟ್ಟಿ. ಅಲುಗಾಟಕ್ಕೆ ಸುರುಳಿ ತಿರುಗತೊಡಗಿದರೆ ಅದರಲ್ಲೇ ವಿದ್ಯುತ್ ಹುಟ್ಟಿ ಆ ಚಲನೆಯನ್ನೇ ತಡೆಯುತ್ತದೆ, ಮುಳ್ಳು ಬಡಿದುಕೊಂಡು ಬಾಗುವುದು ತಪ್ಪುತ್ತದೆ.