ಶುದ್ಧ ನೀರು ಹನಿ, ತ್ಯಾಜ್ಯ ಧಾರೆ

ಬೋರ್‌ವೆಲ್ ನೀರಿನ ಮನೆಯೊಂದರ ಆರ್‌ಒ ಯಂತ್ರ ಒಂದು ಲೀಟರ್ ಕುಡಿಯುವ ನೀರಿಗೆ ಎಂಟು ಲೀಟರ್ ಹೊರಚೆಲ್ಲುತ್ತಿದೆ ಎನ್ನಿ. ಮೂರು ಲೀಟರ್ ಹೋಗುವುದು ಸಾಮಾನ್ಯ. ಕೂಡಲೇ ಮೆಂಬ್ರೇನ್ ಬದಲಿಸಬೇಡಿ, ಅದೇ ದುಬಾರಿ ಭಾಗ.

ಮೊದಲು ಪಂಪಿಗೆ ಬರುವ ಪೈಪು ಬಿಚ್ಚಿ ನೋಡಿ. ಧಾರೆ ಸಣ್ಣದಿದ್ದರೆ ನಲ್ಲಿಯ ಒತ್ತಡ ಕಡಿಮೆ, ಇಲ್ಲವೇ ಮುಂಚಿನ ಫಿಲ್ಟರ್ ಕೆಸರಿನಿಂದ ಕಟ್ಟಿದೆ. ಅದು ಸರಿಯಿದ್ದರೆ ತ್ಯಾಜ್ಯದ ಪೈಪನ್ನು ಕ್ಷಣಕಾಲ ಅರ್ಧ ಹಿಸುಕಿ. ಶುದ್ಧ ನೀರು ಚುರುಕಾದರೆ ಒತ್ತಡ ಸೋರುತ್ತಿರುವುದು ಫ್ಲೋ ರಿಸ್ಟ್ರಿಕ್ಟರ್‌ನಲ್ಲಿ. ಅದು ಅಗ್ಗದ ಬಿಡಿಭಾಗ. ಚುರುಕಾಗದೆ, ತ್ಯಾಜ್ಯದ ಧಾರೆಯೂ ಸೊರಗಿದ್ದರೆ ಪಂಪನ್ನು ಶಂಕಿಸಿ. ಪಂಪಿನ ಒತ್ತಡ ಮಾಪಕದಲ್ಲಿ ಸರಿಯಾಗಿದ್ದೂ ಹನಿಯೇ ಬಂದರೆ ಮೆಂಬ್ರೇನ್ ಮೇಲೆ ಸುಣ್ಣದ ಪದರ ಕಟ್ಟಿರುವ ಸಾಧ್ಯತೆ ಹೆಚ್ಚು. ರುಚಿ ನೋಡಿ ಇದನ್ನು ಹೇಳಲಾಗದು, ಕಟ್ಟಿಕೊಂಡ ಮೆಂಬ್ರೇನ್ ಕೂಡ ಸಿಹಿ ನೀರನ್ನೇ ಕೊಡಬಹುದು.