ನಡುಗೆರೆಯ ಚುಕ್ಕಿಗೆ ಮೂರು ಹೆಸರು

ಒಂದು ಹಾಳೆಯ ಮೇಲೆ ಐದು ಅಡ್ಡಗೆರೆ ಎಳೆಯಿರಿ. ನಟ್ಟನಡುವಿನ ಗೆರೆಯ ಮೇಲೆ ಒಂದು ದುಂಡು ಚುಕ್ಕಿ ಇಡಿ. ಇದು ಯಾವ ಸ್ವರ? ಪಾಶ್ಚಾತ್ಯ ಪದ್ಧತಿಯಲ್ಲಿ ಪಿಟೀಲು ಕಲಿತವರು ‘ಬಿ’ ಎನ್ನುತ್ತಾರೆ. ಚೆಲ್ಲೋ ನುಡಿಸುವವರು ‘ಡಿ’ ಎನ್ನುತ್ತಾರೆ. ಇವೆರಡರ ನಡುವಿನ ಗಾತ್ರದ ವಿಯೋಲಾ ಹಿಡಿದವರು ‘ಸಿ’ ಎನ್ನುತ್ತಾರೆ. ಮೂವರ ಉತ್ತರವೂ ಸರಿ. ತಪ್ಪು ಇರುವುದು ನಮ್ಮ ಪ್ರಶ್ನೆಯಲ್ಲಿ. ಗೆರೆಗಳ ಎಡತುದಿಯಲ್ಲಿ ಇರಬೇಕಾದ ಒಂದು ಗುರುತನ್ನು ನಾವು ಬರೆಯಲೇ ಇಲ್ಲ.

ನಮ್ಮ ಸಂಗೀತದ ಪುಸ್ತಕಗಳಲ್ಲಿ ಸ್ವರದ ಹೆಸರನ್ನೇ ಬರೆಯುತ್ತಾರೆ. ‘ಸ’ ಎಂದಿದ್ದರೆ ಷಡ್ಜ. ಅಕ್ಷರದ ಮೇಲೆ ಚುಕ್ಕಿ ಇದ್ದರೆ ತಾರಸ್ಥಾಯಿ, ಕೆಳಗಿದ್ದರೆ ಮಂದ್ರ. ಪಾಶ್ಚಾತ್ಯ ಬರಹದಲ್ಲಿ ಅಕ್ಷರ ಇರುವುದಿಲ್ಲ, ಎತ್ತರ ಮಾತ್ರ ಇರುತ್ತದೆ. ಗೆರೆ, ಗೆರೆಗಳ ನಡುವಿನ ಜಾಗ, ಮತ್ತೆ ಗೆರೆ ಹೀಗೆ ಮೆಟ್ಟಿಲು ಹತ್ತಿದಂತೆ ಸ್ವರ ಒಂದೊಂದಾಗಿ ಏರುತ್ತದೆ. ಆದರೆ ಮೆಟ್ಟಿಲುಗಳಷ್ಟೇ ಇದ್ದರೆ ನಾವು ಯಾವ ಮಹಡಿಯಲ್ಲಿದ್ದೇವೆಂದು ತಿಳಿಯುವುದಿಲ್ಲ. ಅದನ್ನು ಹೇಳುವ ಗುರುತೇ ಕ್ಲೆಫ್. ಲ್ಯಾಟಿನ್ ಮೂಲದ ಈ ಪದಕ್ಕೆ ಕೀಲಿಕೈ ಎಂದು ಅರ್ಥ. ಅದು ಮಾಡುವುದು ಒಂದೇ ಕೆಲಸ: ಒಂದು ಗೆರೆಯನ್ನು ಹಿಡಿದು ಅದಕ್ಕೆ ಹೆಸರಿಡುತ್ತದೆ. ಮಿಕ್ಕ ಗೆರೆಗಳ ಹೆಸರನ್ನು ಅಲ್ಲಿಂದ ಎಣಿಸಿಕೊಳ್ಳಬೇಕು.

ಸಂಗೀತದ ಚಿತ್ರ ಎಂದರೆ ಎಲ್ಲರಿಗೂ ನೆನಪಾಗುವ ಸುರುಳಿ ಸುತ್ತಿದ ಗುರುತು ಟ್ರೆಬಲ್ ಕ್ಲೆಫ್. ಅದು ನಿಜಕ್ಕೂ ‘ಜಿ’ ಅಕ್ಷರ, ಬರೆದು ಬರೆದು ಆ ರೂಪಕ್ಕೆ ಬಂದಿದೆ. ಅದರ ಸುರುಳಿ ಕೆಳಗಿನಿಂದ ಎರಡನೆಯ ಗೆರೆಯನ್ನು ಸುತ್ತುತ್ತದೆ, ಆ ಗೆರೆ ಜಿ. ಕಿವಿಯ ಆಕಾರದ, ಪಕ್ಕದಲ್ಲಿ ಎರಡು ಚುಕ್ಕಿ ಇರುವ ಗುರುತು ಬೇಸ್ ಕ್ಲೆಫ್. ಅದು ‘ಎಫ್’ ಅಕ್ಷರದಿಂದ ಬಂದದ್ದು. ಆ ಎರಡು ಚುಕ್ಕಿಗಳು ಅಲಂಕಾರಕ್ಕೆ ಇಟ್ಟವಲ್ಲ. ಕೆಳಗಿನಿಂದ ನಾಲ್ಕನೆಯ ಗೆರೆಯ ಮೇಲೊಂದು ಕೆಳಗೊಂದು ಕೂತು, ಈ ಗೆರೆಯೇ ಎಫ್ ಎಂದು ತೋರಿಸುತ್ತವೆ. ಅಲ್ಲಿಂದ ಇಳಿಯುತ್ತಾ ಬಂದರೆ ನಡುಗೆರೆ ಡಿ, ಅದರ ಕೆಳಗಿನದು ಬಿ, ತಳದ ಗೆರೆ ಜಿ. ಮೇಲಕ್ಕೆ ಹೋದರೆ ತುದಿಗೆರೆ ಎ. ಪಿಯಾನೋ ಕಲಿಯುವ ಮಕ್ಕಳು ಬಲಗೈಗೆ ಟ್ರೆಬಲ್, ಎಡಗೈಗೆ ಬೇಸ್ ಓದುತ್ತಾರೆ. ಎಡಗೈ ಸಾಲನ್ನೂ ಬಲಗೈ ಅಭ್ಯಾಸದಲ್ಲೇ ಓದಿಬಿಟ್ಟರೆ ತಳದ ಗೆರೆಯ ಜಿ ಅವರಿಗೆ ಇ ಆಗುತ್ತದೆ, ಪ್ರತಿ ಸ್ವರದ ಹೆಸರೂ ಎರಡು ಮೆಟ್ಟಿಲು ಕೆಳಗೆ ಬೀಳುತ್ತದೆ. ಚುಕ್ಕಿ ಸುತ್ತಿದ ಗೆರೆಯನ್ನು ಮೊದಲು ಹುಡುಕಿ ಅಲ್ಲಿಂದ ಎಣಿಸುವುದು ಇದಕ್ಕೆ ಸುಲಭದ ಮದ್ದು.

ಮೂರನೆಯದು ಆಲ್ಟೊ ಕ್ಲೆಫ್. ಇದು ‘ಸಿ’ ಅಕ್ಷರದ ವಂಶದ್ದು. ದಪ್ಪ ಕಂಬವೊಂದರ ಪಕ್ಕ ಎರಡು ಕೊಕ್ಕೆಗಳು ಬೆನ್ನಿಗೆ ಬೆನ್ನು ಕೊಟ್ಟ ಹಾಗೆ ಮೇಲೂ ಕೆಳಗೂ ಬಾಗಿರುತ್ತವೆ. ಅವೆರಡೂ ಕೂಡುವ ನಡುಗೆರೆಯೇ ‘ಮಿಡ್ಲ್ ಸಿ’. ಪಿಯಾನೋದ ಮಣೆಯಲ್ಲಿ ಎಡದಿಂದ ಎಣಿಸಿದರೆ ಸಿಗುವ ನಾಲ್ಕನೆಯ ಸಿ ಇದು, ಹೆಚ್ಚುಕಡಿಮೆ ಮಣೆಯ ನಡುವೆ ಬರುತ್ತದೆ.

ಈ ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ಗುಟ್ಟಿನ ಲಿಪಿಗಳಂತೆ ಕಾಣಬಹುದು. ಬೇಸ್‌ನ ಐದು ಗೆರೆಗಳ ಮೇಲೆ ಟ್ರೆಬಲ್‌ನ ಐದು ಗೆರೆಗಳನ್ನು ಇಟ್ಟು ನೋಡಿದರೆ ನಂಟು ತಿಳಿಯುತ್ತದೆ. ಇವೆರಡರ ನಡುವೆ ಒಂದೇ ಒಂದು ಗೆರೆಗೆ ಜಾಗ ಉಳಿಯುತ್ತದೆ, ಅದೇ ಮಿಡ್ಲ್ ಸಿ. ಒಟ್ಟು ಹನ್ನೊಂದು ಗೆರೆಯ ದೊಡ್ಡ ಏಣಿ. ಮೇಲಿನ ಐದನ್ನು ಕತ್ತರಿಸಿಕೊಂಡರೆ ಟ್ರೆಬಲ್, ಕೆಳಗಿನ ಐದು ಬೇಸ್. ನಡುವಿನ ಐದು ಗೆರೆ ತೆಗೆದುಕೊಂಡರೆ, ಅಂದರೆ ಬೇಸ್‌ನ ಮೇಲಿನ ಎರಡು, ಮಿಡ್ಲ್ ಸಿ, ಟ್ರೆಬಲ್‌ನ ಕೆಳಗಿನ ಎರಡು, ಅದೇ ಆಲ್ಟೊ.

ಇನ್ನು ವಿಯೋಲಾ. ನೋಡಲು ತುಸು ದೊಡ್ಡ ಪಿಟೀಲಿನಂತಿದೆ. ಪಿಟೀಲಿನ ಒಡಲು ಸುಮಾರು 35.5 ಸೆಂಟಿಮೀಟರ್ ಉದ್ದವಾದರೆ ವಿಯೋಲಾದ್ದು ಸಾಮಾನ್ಯವಾಗಿ 38ರಿಂದ 43. ಎರಡರಲ್ಲೂ ನಾಲ್ಕು ತಂತಿ, ಪಕ್ಕಪಕ್ಕದ ತಂತಿಗಳ ನಡುವೆ ಷಡ್ಜ–ಪಂಚಮದ ಅಂತರ. ಪಿಟೀಲಿನಲ್ಲಿ ಕೆಳಗಿನಿಂದ ಜಿ, ಡಿ, ಎ, ಇ. ವಿಯೋಲಾದಲ್ಲಿ ಮೇಲಿನ ಇ ಇಲ್ಲ, ಕೆಳಗೆ ಸಿ ಸೇರಿಕೊಂಡಿದೆ: ಸಿ, ಜಿ, ಡಿ, ಎ. ಆ ಸಿ ತಂತಿ ಮಿಡ್ಲ್ ಸಿಗಿಂತ ಒಂದು ಸ್ಥಾಯಿ ಕೆಳಗಿನದು. ಎಡಗೈಯನ್ನು ಕತ್ತಿನ ತುದಿಯಲ್ಲೇ ಇಟ್ಟು, ಮೇಲಕ್ಕೆ ಜಾರಿಸದೆ ನುಡಿಸಿದರೆ ಆ ಸಿಯಿಂದ ಹಿಡಿದು ಎ ತಂತಿಯ ಮೇಲೆ ಕಿರುಬೆರಳು ಮುಟ್ಟುವ ಇವರೆಗೆ ಎರಡು ಸ್ಥಾಯಿಗಿಂತ ತುಸು ಹೆಚ್ಚು ಸ್ವರಗಳು ಸಿಗುತ್ತವೆ. ವಿಯೋಲಾದ ಬಹುಪಾಲು ಕೆಲಸ ಇಷ್ಟರೊಳಗೇ ನಡೆಯುತ್ತದೆ.

ಈ ವ್ಯಾಪ್ತಿಯನ್ನು ಮೂರೂ ಕ್ಲೆಫ್‌ಗಳಲ್ಲಿ ಬರೆದು ನೋಡೋಣ. ಐದು ಗೆರೆಗೆ ಹಿಡಿಸದ ಸ್ವರ ಬಂದಾಗ ಮೇಲೋ ಕೆಳಗೋ ಸಣ್ಣ ತುಂಡುಗೆರೆ ಎಳೆಯುತ್ತಾರೆ, ಅದಕ್ಕೆ ಲೆಡ್ಜರ್ ಗೆರೆ ಎನ್ನುತ್ತಾರೆ. ಟ್ರೆಬಲ್‌ನಲ್ಲಿ ಬರೆದರೆ ಮೇಲಿನ ಇ ಗೆರೆಗಳೊಳಗೇ ಆರಾಮವಾಗಿ ಕೂರುತ್ತದೆ. ಕೆಳಗಿನ ಸಿ ಮಾತ್ರ ನಾಲ್ಕು ತುಂಡುಗೆರೆಗಳ ಅಡಿಯಲ್ಲಿ ನೇತಾಡುತ್ತದೆ. ಬೇಸ್‌ನಲ್ಲಿ ಬರೆದರೆ ಸಿ ಒಳಗೆ ಬರುತ್ತದೆ, ಆದರೆ ಇ ಐದು ತುಂಡುಗೆರೆಗಳ ಆಚೆಗೆ ಹಾರಿಹೋಗುತ್ತದೆ. ಆಲ್ಟೊದಲ್ಲಾದರೆ ಸಿ ಒಂದು ತುಂಡುಗೆರೆಯ ಕೆಳಗೆ, ಇ ಎರಡು ತುಂಡುಗೆರೆಯ ಮೇಲೆ, ಅಷ್ಟೆ. ನಾಲ್ಕೋ ಐದೋ ಎಂದು ತುಂಡುಗೆರೆ ಎಣಿಸುವಷ್ಟರಲ್ಲಿ ಕಮಾನು ಮುಂದಿನ ಸ್ವರಕ್ಕೆ ಹೋಗಿರುತ್ತದೆ. ಒಂದೆರಡಾದರೆ ಕಣ್ಣು ಎಣಿಸದೆಯೇ ಗುರುತಿಸುತ್ತದೆ.

ಗಿಟಾರಿನ ಹಾಗೆ ಮಾಡಬಹುದಿತ್ತಲ್ಲ ಎಂದು ಕೇಳಬಹುದು. ಗಿಟಾರಿಗೆ ಟ್ರೆಬಲ್‌ನಲ್ಲೇ ಬರೆಯುತ್ತಾರೆ, ನುಡಿಯುವುದು ಬರೆದುದಕ್ಕಿಂತ ಒಂದು ಸ್ಥಾಯಿ ಕೆಳಗೆ. ವಿಯೋಲಾಕ್ಕೂ ಲೆಕ್ಕದ ಮಟ್ಟಿಗೆ ಇದು ಆಗದ ಮಾತಲ್ಲ, ತುಂಡುಗೆರೆಗಳು ಅಷ್ಟೇನೂ ಹೆಚ್ಚುವುದಿಲ್ಲ. ಹಾಗಾದರೆ ಉಳಿದ ಕಾರಣ ಇತಿಹಾಸದಲ್ಲಿದೆ. 11ನೇ ಶತಮಾನದಲ್ಲಿ ಇಟಲಿಯ ಗೀಡೊ ಎಂಬ ಸನ್ಯಾಸಿ ಹಾಡು ಕಲಿಸಲು ಗೆರೆಗಳನ್ನು ಬಳಸಿದಾಗ ಎಫ್ ಗೆರೆಗೆ ಕೆಂಪು, ಸಿ ಗೆರೆಗೆ ಹಳದಿ ಬಣ್ಣ ಕೊಟ್ಟಿದ್ದ. ಸಿ ಕ್ಲೆಫ್‌ಗೆ ಆಗಿನಿಂದಲೂ ಒಂದೇ ಜಾಗ ಎಂಬುದಿರಲಿಲ್ಲ. ಹಾಡುವವರ ದನಿ ಐದು ಗೆರೆಗಳೊಳಗೆ ಕೂರುವಂತೆ ಅದನ್ನು ಮೇಲೆ ಕೆಳಗೆ ಸರಿಸುತ್ತಿದ್ದರು. ತಳದ ಗೆರೆಯಲ್ಲಿಟ್ಟರೆ ಸೊಪ್ರಾನೊ, ನಡುವಿನಲ್ಲಿಟ್ಟರೆ ಆಲ್ಟೊ, ನಾಲ್ಕನೆಯದರಲ್ಲಿಟ್ಟರೆ ಟೆನರ್. ಬಾಖ್ ಕೂಡ ತನ್ನ ಗಾಯಕರಿಗೆ ಹೀಗೆಯೇ ಬರೆದ. ಕಾಲಕ್ರಮದಲ್ಲಿ ಗಾಯಕರು ಒಬ್ಬೊಬ್ಬರಾಗಿ ಟ್ರೆಬಲ್‌ಗೆ ಬಂದರು. ಇಂದು ಆಲ್ಟೊ ದನಿಯ ಹಾಡುಗಾರರೇ ಆಲ್ಟೊ ಕ್ಲೆಫ್ ಓದುವುದಿಲ್ಲ. ವಾದ್ಯಗೋಷ್ಠಿಯ ನಡುದನಿಯಾಗಿ ಆ ಗೆರೆಗಳಿಗೆ ಒಗ್ಗಿಹೋಗಿದ್ದ ವಿಯೋಲಾ ಅಲ್ಲೇ ಉಳಿಯಿತು. ಫ್ರೆಂಚರು ವಾದ್ಯವನ್ನೇ ‘ಆಲ್ಟೊ’ ಎಂದು ಕರೆಯುತ್ತಾರೆ.

ಬೇಸ್ ಮತ್ತು ಆಲ್ಟೊ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಬಾಖ್‌ನ ಮೊದಲನೆಯ ಚೆಲ್ಲೋ ಸೂಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಚೆಲ್ಲೋದ ತಂತಿಗಳೂ ಸಿ, ಜಿ, ಡಿ, ಎ. ವಿಯೋಲಾಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಹಾಗಾಗಿ ವಿಯೋಲಾ ವಾದಕರು ಈ ಸೂಟ್‌ಗಳನ್ನು ಒಂದು ಸ್ಥಾಯಿ ಏರಿಸಿ ನುಡಿಸುತ್ತಾರೆ. ಮೊದಲ ಮೂರು ಸ್ವರ ಜಿ, ಡಿ, ಬಿ. ಎರಡೂ ವಾದ್ಯಗಳಲ್ಲಿ ಜಿ ಮತ್ತು ಡಿ ಬೆರಳಿಡದ ತಂತಿಗಳು, ಬಿ ಎಂದರೆ ಎ ತಂತಿಯ ಮೇಲೆ ತೋರುಬೆರಳು. ಚೆಲ್ಲೋ ಹಾಳೆಯಲ್ಲಿ ಬೇಸ್ ಕ್ಲೆಫ್ ಇದೆ: ಜಿ ತಳದ ಗೆರೆಯಲ್ಲಿ, ಡಿ ನಡುಗೆರೆಯಲ್ಲಿ, ಬಿ ತುದಿಗೆರೆಯ ತಲೆಯ ಮೇಲೆ. ವಿಯೋಲಾ ಹಾಳೆಯಲ್ಲಿ ಆಲ್ಟೊ ಕ್ಲೆಫ್: ಜಿ ತಳದ ಗೆರೆ ದಾಟಿದ ಜಾಗದಲ್ಲಿ, ಡಿ ನಡುಗೆರೆಯ ಮೇಲಿನ ಜಾಗದಲ್ಲಿ, ಬಿ ಒಂದು ತುಂಡುಗೆರೆಯ ಮೇಲೆ. ಚಿತ್ರ ಅದೇ, ಇಡಿಯಾಗಿ ಒಂದು ಮೆಟ್ಟಿಲು ಏರಿದೆ. ತಳದ ಗೆರೆಯ ಹೆಸರುಗಳನ್ನಷ್ಟೇ ನೆನಪಿಟ್ಟರೆ ಸಾಕು: ಟ್ರೆಬಲ್‌ಗೆ ಇ, ಆಲ್ಟೊಗೆ ಎಫ್, ಬೇಸ್‌ಗೆ ಜಿ. ಅಕ್ಷರಮಾಲೆಯ ಸಾಲಿನಂತೆ ಬಾಯಿಗೆ ಬರುತ್ತದೆ.

ಪಿಟೀಲಿನಿಂದ ವಿಯೋಲಾಕ್ಕೆ ಬರುವವರು ಇನ್ನೊಂದು ಒಳದಾರಿ ಹಿಡಿಯುತ್ತಾರೆ. ಹಾಳೆಯನ್ನು ಟ್ರೆಬಲ್ ಎಂದೇ ಓದಿ, ಕೈ ಪಿಟೀಲಿನ ಮೂರನೆಯ ಪೊಸಿಷನ್‌ನಲ್ಲಿದೆ ಎಂದು ಭಾವಿಸಿಕೊಂಡು, ಅದೇ ತಂತಿ ಅದೇ ಬೆರಳನ್ನು ವಿಯೋಲಾದ ಮೊದಲ ಪೊಸಿಷನ್‌ನಲ್ಲಿ ಇಡುವುದು. ತಳದ ಗೆರೆಯ ಸ್ವರ ಎರಡೂ ಕಡೆ ಅತಿ ಕೆಳಗಿನ ತಂತಿಯ ಮೂರನೆಯ ಬೆರಳೇ. ಆದರೆ ಪಿಟೀಲಿನಲ್ಲಿ ಅದು ಇ, ನಾಲ್ಕನೆಯ ಬೆರಳಿನ ಎಫ್ ಅದಕ್ಕೆ ಅಂಟಿಕೊಂಡು ಅರ್ಧ ಸ್ವರದ ದೂರದಲ್ಲಿದೆ. ವಿಯೋಲಾದಲ್ಲಿ ಅದು ಎಫ್, ಅಂಟಿಕೊಳ್ಳಬೇಕಾದ್ದು ಎರಡನೆಯ ಬೆರಳಿನ ಇಗೆ. ಹಳೆಯ ಅಭ್ಯಾಸದ ಕೈ ಮೂರನೆಯ ಬೆರಳನ್ನು ನಾಲ್ಕನೆಯದರ ಪಕ್ಕ ಒಯ್ದು ಇಡುತ್ತದೆ, ಎಫ್ ಅರ್ಧ ಸ್ವರ ಮೇಲೇರುತ್ತದೆ. ಮೋಸ ಎಲ್ಲಿದೆ ಎಂದರೆ ನಾಲ್ಕನೆಯ ಬೆರಳು ಸರಿಯಾದ ಜಾಗಕ್ಕೇ ಬೀಳುತ್ತದೆ. ಪಕ್ಕದ ಜಿ ತಂತಿಯೊಡನೆ ತಾಳೆ ನೋಡಿದರೆ ಎರಡೂ ಒಂದಾಗಿ ನುಡಿಯುತ್ತವೆ, ವಾದಕರು ಎಲ್ಲ ನೇರವಾಗಿದೆ ಎಂದುಕೊಳ್ಳುತ್ತಾರೆ. ಅದಕ್ಕೇ ಒಳದಾರಿ ಬಿಟ್ಟು ‘ತಳದ ಗೆರೆ ಎಫ್, ನಡುಗೆರೆ ಸಿ’ ಎಂದು ಹೆಸರು ಹಿಡಿದು ಓದುವುದನ್ನು ಕಲಿಯಲೇಬೇಕಾಗುತ್ತದೆ.

ಇಷ್ಟಾಗಿ ವಿಯೋಲಾ ತನ್ನ ಕ್ಲೆಫ್‌ಗೆ ಹಟದಿಂದ ಜೋತುಬಿದ್ದಿಲ್ಲ. ಎ ತಂತಿಯ ಮೇಲೆ ಕೈ ಜಾರಿ ಬಹಳ ಹೊತ್ತು ಎತ್ತರದಲ್ಲೇ ನುಡಿಸಬೇಕಾದಾಗ ಸಾಲಿನ ಮಧ್ಯದಲ್ಲೇ ಸಣ್ಣದೊಂದು ಟ್ರೆಬಲ್ ಗುರುತು ಕಾಣಿಸಿಕೊಳ್ಳುತ್ತದೆ. ಅಭ್ಯಾಸದ ಹಾಳೆಗಳಲ್ಲಿ ಪೆನ್ಸಿಲ್ಲಿನ ದಪ್ಪ ವೃತ್ತ ಬೀಳುವುದು ಇಂಥ ಕಡೆಗಳಲ್ಲೇ. ಆ ಗುರುತು ದಾಟಿದ ಮೇಲೆ ನಡುಗೆರೆಯ ಚುಕ್ಕಿಯನ್ನು ವಿಯೋಲಾದವರೂ ‘ಬಿ’ ಎಂದೇ ಓದುತ್ತಾರೆ.